ಮನೆ ಕಟ್ಟುವ ಕೆಲಸಕ್ಕೂ ಒಂದು ಪೋಡಿ

ಮನೆ ಕಟ್ಟಿಸುವವರನ್ನು "ಕೆಲಸ ಎಲ್ಲಿಗೆ ಬಂತು?" ಅಂತ ಕೇಳಿ ನೋಡಿ. "ಅರ್ಧ ಆಯ್ತು" ಅಂತಾರೆ. ಲಿಂಟಲ್ ಮಟ್ಟಕ್ಕೆ ಗೋಡೆ ಎದ್ದಾಗಲೂ ಅರ್ಧ, ಮೋಲ್ಡು ಹಾಕಿದಾಗಲೂ ಅರ್ಧ. ಅರ್ಧ ಅನ್ನೋದು ಯಾವ ಲೆಕ್ಕದ ಅರ್ಧ ಅಂತ ಹೇಳೋಕೆ ಯಾರ ಹತ್ತಿರವೂ ಚೀಟಿ ಇರುವುದಿಲ್ಲ. ನಮ್ಮೂರಲ್ಲಿ ಒಬ್ಬರು ಹೀಗೆ ಅರ್ಧದ ಮಾತಿನ ಮೇಲೆ ಮೇಸ್ತ್ರಿಗೆ ದುಡ್ಡು ಕೊಡ್ತಾ ಹೋದರು. 600 ಚದರಡಿ ಮನೆಗೆ ಬರೀ ಕೂಲಿ ಗುತ್ತಿಗೆ 1,80,000 ರೂಪಾಯಿ. ಲಿಂಟಲ್ ಮುಗಿಯುವ ಹೊತ್ತಿಗೆ 1,30,000 ಕೊಟ್ಟಾಗಿತ್ತು. ಆಮೇಲೆ ಮೇಸ್ತ್ರಿ ಬೇರೆ ಊರಿನ ಕೆಲಸ ಹಿಡಿದ. ಉಳಿದ 50,000ಕ್ಕೆ ಮೋಲ್ಡು, ಪ್ಲಾಸ್ಟರಿಂಗ್, ನೆಲ ಎಲ್ಲ ಮಾಡಿಕೊಡಲು ಇನ್ನೊಬ್ಬ ಯಾಕೆ ಬರ್ತಾನೆ? ಎರಡು ಮಳೆಗಾಲ ಆ ಗೋಡೆಗಳು ಬಯಲಲ್ಲೇ ನಿಂತವು.

2023ರ ಜನವರಿಯಲ್ಲಿ ನಮ್ಮ ಮನೆಗೆ ಕೈ ಹಾಕುವ ಮೊದಲು ನಾನು ಇದೊಂದನ್ನು ಸರಿ ಮಾಡಿಕೊಳ್ಳಬೇಕು ಅಂದುಕೊಂಡೆ. ತಂಗಿ ಮಗ ಸಿವಿಲ್ ಡಿಪ್ಲೊಮಾ ಓದಿದವನು. "ಮಾವ, ಇದಕ್ಕೆ ವರ್ಕ್ ಬ್ರೇಕ್‌ಡೌನ್ ಸ್ಟ್ರಕ್ಚರ್ ಅಂತಾರೆ. ದೊಡ್ಡ ಕೆಲಸವನ್ನ ಒಡೆದು ಒಡೆದು ಕೈಗೆ ಸಿಗೋ ಹಂಗೆ ಮಾಡೋದು" ಅಂದ. ಅಮೆರಿಕದ ರಕ್ಷಣಾ ಇಲಾಖೆ 1968ರಲ್ಲೇ ಇದನ್ನು ತನ್ನ ಕೆಲಸಗಳಿಗೆ ನಿಯಮ ಮಾಡಿತ್ತಂತೆ. ಅವರು ವಿಮಾನ, ಕ್ಷಿಪಣಿ ಮಾಡಿಸುವವರು. ನಮ್ಮದು ಎರಡು ಕೋಣೆ ಮನೆ. ಆದರೆ ಅವನು ಬಿಡಿಸಿ ಹೇಳಿದಾಗ ನನಗೆ ಇದು ಹೊಸದು ಅನ್ನಿಸಲಿಲ್ಲ. ಇದು ನಮ್ಮ ಜಮೀನಿನ ಪೋಡಿಯೇ.

ಸರ್ವೆ ನಂಬರಿನ ಲೆಕ್ಕ

ಒಂದು ಸರ್ವೆ ನಂಬರು 4 ಎಕರೆ 20 ಗುಂಟೆ ಇದೆ ಅನ್ನಿ. ಅದನ್ನು ಹಿಸ್ಸಾ ಮಾಡಿದರೆ ಒಂದನೇ ಹಿಸ್ಸೆ 2 ಎಕರೆ, ಎರಡನೆಯದು 1 ಎಕರೆ 20 ಗುಂಟೆ, ಮೂರನೆಯದು 35 ಗುಂಟೆ, ಮಿಕ್ಕ 5 ಗುಂಟೆ ಖರಾಬು. ಕೂಡಿದರೆ ಸರಿಯಾಗಿ 4 ಎಕರೆ 20 ಗುಂಟೆ ಬರಬೇಕು. ಒಂದು ಗುಂಟೆ ಹೆಚ್ಚು ಬಂದರೆ ಯಾರದೋ ನೆಲ ಇಬ್ಬರ ಪಹಣಿಯಲ್ಲಿ ಸೇರಿದೆ ಅಂತ ಅರ್ಥ. ಕಡಿಮೆ ಬಂದರೆ ಯಾರೂ ಹೊಣೆ ಹೊರದ ತುಂಡು ಎಲ್ಲೋ ಉಳಿದಿದೆ. ಎರಡೂ ಜಗಳದ ಮೂಲ.

ಮನೆ ಕೆಲಸಕ್ಕೂ ಇದೇ ಲೆಕ್ಕ. ಇಡೀ ಮನೆ ಒಂದು ಸರ್ವೆ ನಂಬರು. ಅದನ್ನು ಹಿಸ್ಸೆ ಮಾಡಬೇಕು, ಬೇಕಾದ ಕಡೆ ಹಿಸ್ಸೆಯನ್ನು ಮತ್ತೆ ಒಡೆಯಬೇಕು. ಯಾವ ಮಟ್ಟದಲ್ಲಿ ಕೂಡಿದರೂ ಮೇಲಿನದಕ್ಕೆ ಸರಿಸಮ ಬರಬೇಕು. ಯಾವ ಕೆಲಸವೂ ಎರಡು ಹಿಸ್ಸೆಯಲ್ಲಿ ಇರಬಾರದು, ಯಾವುದೂ ಹೊರಗೆ ಬೀಳಬಾರದು. ಖರಾಬನ್ನೂ ಬರೆಯಬೇಕು. ಬೆಳೆ ಬರದ ನೆಲ ಅಂತ ಪಹಣಿಯಲ್ಲಿ ಅದನ್ನು ಬಿಡ್ತಾರಾ? ಮನೆ ಕೆಲಸದಲ್ಲೂ ಕಣ್ಣಿಗೆ ಕಾಣದ ಕೆಲಸ ಬಹಳ ಇದೆ, ಅದಕ್ಕೂ ದುಡ್ಡು ಹೋಗ್ತದೆ.

ನಮ್ಮ ಮನೆ ಹೊರಗಿನಿಂದ 30 ಅಡಿ ಉದ್ದ, 20 ಅಡಿ ಅಗಲ. ಉದ್ದಕ್ಕೆ ನಡುವೆ ಒಂದು ಗೋಡೆ, ಅಡ್ಡಕ್ಕೆ ಒಂದು. ನಡುಮನೆ, ಕೋಣೆ, ಅಡುಗೆಮನೆ, ಬಚ್ಚಲು. ಕಲ್ಲಿನ ಪಾಯ, ಸಿಮೆಂಟ್ ಬ್ಲಾಕಿನ ಗೋಡೆ, ಮೇಲೆ ಮೋಲ್ಡು. ಇದನ್ನು ನೋಟ್ ಪುಸ್ತಕದಲ್ಲಿ ಎಂಟು ಹಿಸ್ಸೆ ಮಾಡಿದೆ.

1. ಜಾಗ ಮತ್ತು ಕಾಗದ
2. ಪಾಯ
3. ಗೋಡೆ
4. ಮೋಲ್ಡು
5. ಬಾಗಿಲು, ಕಿಟಕಿ
6. ನೀರು, ಕರೆಂಟು, ಪಾಯಿಖಾನೆ
7. ಪ್ಲಾಸ್ಟರಿಂಗ್, ನೆಲ, ಬಣ್ಣ
8. ಖರಾಬು

ಇಲ್ಲಿ ಒಂದು ಮಾತು ಗಮನಿಸಬೇಕು. ಹಿಸ್ಸೆ ಮಾಡಿರುವುದು ಮನೆಯ ಭಾಗಗಳ ಮೇಲೆ, ಕೆಲಸಗಾರರ ಮೇಲೆ ಅಲ್ಲ. ಗಾರೆಯವನದು, ಬಡಗಿಯದು, ಕರೆಂಟಿನವನದು ಅಂತ ಪಾಲು ಮಾಡೋದು ಸುಲಭ ಕಾಣ್ತದೆ, ಆದರೆ ಇಬ್ಬರ ನಡುವಿನ ಕೆಲಸ ಅಲ್ಲಿ ಬಿದ್ದುಹೋಗ್ತದೆ. ಎಲ್ಲ ಮನೆಯಲ್ಲೂ ಆಗುವ ಒಂದು ಜಗಳ ಹೇಳ್ತೀನಿ. ಕರೆಂಟ್ ಪೈಪು ಕೂರಿಸಲು ಗೋಡೆ ಕೊರೀತಾರೆ. ಪೈಪು ಕೂತ ಮೇಲೆ ಆ ಸಾಲನ್ನು ಮುಚ್ಚುವವರು ಯಾರು? "ಅದು ಗಾರೆಯವನ ಕೆಲಸ" ಅಂತ ಕರೆಂಟಿನವನು, "ಕೊರೆದವನೇ ಮುಚ್ಚಲಿ" ಅಂತ ಮೇಸ್ತ್ರಿ. ಕೊನೆಗೆ ಮನೆಯವರೇ ಕರಣೆ ಹಿಡಿಯಬೇಕು. ನನ್ನ ಪುಸ್ತಕದಲ್ಲಿ ಇದನ್ನು 6ನೇ ಹಿಸ್ಸೆಯಲ್ಲಿ "ಗೋಡೆ ಕೊರೆದು, ಪೈಪು ಕೂರಿಸಿ, ಸಾಲು ಮುಚ್ಚುವುದು" ಅಂತ ಒಂದೇ ಸಾಲಾಗಿ ಬರೆದು ಕರೆಂಟಿನವನಿಗೆ ಓದಿ ಹೇಳಿದೆ. ದರ ಮಾತಾಡುವಾಗಲೇ ಅವನು ಒಂದು ಸಾವಿರ ಹೆಚ್ಚು ಕೇಳಿದ, ಕೊಟ್ಟೆ. ಜಮೀನಿನಲ್ಲಿ ಬಾಂದಕಲ್ಲು ಹಾಕಿದ ಹಾಗೆ ಅದು. ಕಲ್ಲು ಎಲ್ಲಿ ಇದೆ ಅನ್ನೋದಕ್ಕಿಂತ ಇದೆ ಅನ್ನೋದೇ ಮುಖ್ಯ.

ಎಲ್ಲಿವರೆಗೆ ಒಡೆಯಬೇಕು?

ಅಳಿಯ ಮೊದಲು ಕಂಪ್ಯೂಟರಿನಲ್ಲಿ 130 ಸಾಲಿನ ಪಟ್ಟಿ ಮಾಡಿ ತಂದಿದ್ದ. ಕಿಟಕಿಯ ಚಿಲಕ, ಕೊಂಡಿ ಕೂಡ ಬೇರೆ ಬೇರೆ ಸಾಲು. ಅದನ್ನು ದಿನಾ ಸಂಜೆ ಯಾರು ತುಂಬುತ್ತಾರೆ? ಎಮ್ಮೆ ಹಾಲು ಕರೆಯೋ ಹೊತ್ತು ಅದು. ಇನ್ನೊಂದು ಕಡೆ ಸರ್ಕಾರದ ವಸತಿ ಯೋಜನೆಯವರು ನಾಲ್ಕೇ ಹಂತ ನೋಡ್ತಾರೆ: ತಳಪಾಯ, ಲಿಂಟಲ್, ಛಾವಣಿ, ಪೂರ್ಣ. ಪ್ರತಿ ಹಂತಕ್ಕೂ ಫೋಟೊ ತೆಗೆದ ಮೇಲೆ ಕಂತು. ದೂರದಲ್ಲಿ ಕೂತು ಸಾವಿರಾರು ಮನೆ ನೋಡುವವರಿಗೆ ನಾಲ್ಕು ಸಾಕು. ಕಟ್ಟಿಸುವವನಿಗೆ ಸಾಲದು. ತಳಪಾಯಕ್ಕೂ ಲಿಂಟಲಿಗೂ ನಡುವೆ ಹಾಳಾಗುವುದೆಲ್ಲ ಆ ಫೋಟೊದಲ್ಲಿ ಕಾಣೋದಿಲ್ಲ.

ನಾವು ಮೂರು ಪ್ರಶ್ನೆ ಇಟ್ಟುಕೊಂಡೆವು. ಈ ತುಂಡಿಗೆ ಒಬ್ಬನೇ ಹೊಣೆ ಇದ್ದಾನಾ? ಮುಗಿದಿದೆಯೋ ಇಲ್ಲವೋ ಅಂತ ನಿಂತು ನೋಡಿ ಹೇಳಬಹುದಾ? ಒಂದೇ ಸಲಕ್ಕೆ ದುಡ್ಡು ಕೊಟ್ಟು ಮುಗಿಸಬಹುದಾ? ಮೂರಕ್ಕೂ ಹೌದು ಅಂದರೆ ಅಲ್ಲಿಗೆ ನಿಲ್ಲಿಸು. ಒಂದಕ್ಕೆ ಇಲ್ಲ ಅಂದರೂ ಇನ್ನೊಂದು ಸಲ ಒಡೆ. ಇಂಜಿನಿಯರುಗಳು ಇನ್ನೊಂದು ಅಂದಾಜು ಹೇಳ್ತಾರೆ. ಕೊನೆಯ ತುಂಡು 8 ಗಂಟೆಗಿಂತ ಚಿಕ್ಕದಿರಬಾರದು, 80 ಗಂಟೆಗಿಂತ ದೊಡ್ಡದಿರಬಾರದು. ನಮ್ಮ ಭಾಷೆಯಲ್ಲಿ ಒಂದು ದಿನದಿಂದ ಹತ್ತು ದಿನದ ಕೆಲಸ. ಇದು ಅಂದಾಜು ಮಾತ್ರ, ಕಟ್ಟುಪಾಡಲ್ಲ. ಮೋಲ್ಡಿಗೆ ನೀರು ನಿಲ್ಲಿಸುವುದು ದಿನಕ್ಕೆ ಅರ್ಧ ಗಂಟೆ ಕೆಲಸ, ಆದರೆ ಎರಡು ವಾರ ನಡೀಬೇಕು. ಅದನ್ನು ಗಂಟೆಯಲ್ಲಿ ಅಳೆದರೆ ಪಟ್ಟಿಯಿಂದಲೇ ಬಿದ್ದುಹೋಗ್ತದೆ.

ಹೀಗೆ ಒಡೆದಾಗ 40 ಸಾಲು ಬಂತು. ಎಲ್ಲ ಹಿಸ್ಸೆಗೂ ಸಮ ಸಮ ಅಲ್ಲ. ಬಣ್ಣಕ್ಕೆ ಒಂದೇ ಸಾಲು. ಒಬ್ಬನೇ ಬಳಿಯುವವನು, ಬಳಿದದ್ದು ಕಣ್ಣಿಗೆ ಕಾಣ್ತದೆ, ಚೆನ್ನಾಗಿಲ್ಲದಿದ್ದರೆ ಇನ್ನೊಂದು ಸಲ ಬಳಿಸಬಹುದು. ಪಾಯಕ್ಕೆ ಆರು, ಮೋಲ್ಡಿಗೆ ಏಳು. ಯಾಕೆ ಅಂದ್ರೆ ಅವೆರಡರಲ್ಲಿ ಒಳಗಿನ ಕೆಲಸ ಮುಚ್ಚಿಹೋಗ್ತದೆ, ಆಮೇಲೆ ತೆಗೆದು ನೋಡೋಕೆ ಆಗೋದಿಲ್ಲ. ಮುಚ್ಚಿಹೋಗುವ ಕೆಲಸವನ್ನು ಸಣ್ಣಗೆ ಒಡೆ, ತೆರೆದಿರುವ ಕೆಲಸವನ್ನು ದೊಡ್ಡದಾಗೇ ಬಿಡು. ಇದು ಅಳಿಯನ ಪುಸ್ತಕದಲ್ಲಿ ಇರಲಿಲ್ಲ, ಆದರೆ ನನಗೆ ಬಹಳ ಉಪಯೋಗಕ್ಕೆ ಬಂದದ್ದು ಇದೇ.

ಪಾಯದ ಆರು ಸಾಲು

2.1 ಗುರುತು ಹಾಕುವುದು. 30 ಅಡಿಗೆ 20 ಅಡಿ ಚೌಕಕ್ಕೆ ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿದರೆ 36 ಅಡಿ ಮತ್ತು ಅರ್ಧ ಇಂಚಿನ ಮೇಲೆ ಚೂರು ಬರಬೇಕು. ಎರಡೂ ಮೂಲೆಯಳತೆ ಒಂದೇ ಬಂದರೆ ಮುಗಿಯಿತು ಅಂತ ಗುರುತು. ಹೆಚ್ಚು ಕಡಿಮೆ ಬಂದರೆ ಮನೆ ವಾರೆ. ನೆಲಕ್ಕೆ ಟೈಲ್ಸ್ ಹಾಕುವಾಗ ಗೋಡೆ ಬದಿಯಲ್ಲಿ ಒಂದು ಕಡೆ ಅಗಲ, ಒಂದು ಕಡೆ ಸಪೂರ ತುಂಡು ಬಂದಾಗ ಆ ವಾರೆ ಗೊತ್ತಾಗುವುದು, ಆಗ ಏನೂ ಮಾಡೋಕಾಗಲ್ಲ.

2.2 ತೋಡುವುದು. ನಡುಗೋಡೆಗಳೂ ಸೇರಿ ನಮ್ಮದು ಸುಮಾರು 145 ಅಡಿ ಉದ್ದ, ಎರಡೂವರೆ ಅಡಿ ಅಗಲ. ಆಳ 3 ಅಡಿ ಅಂತ ಮಾತಾಡಿದ್ದರೂ "3 ಅಡಿ" ಅಂತ ಬರೆಯಲಿಲ್ಲ. "ಗಟ್ಟಿ ಗರಸು ಸಿಕ್ಕಿ, ತಳ ಸಮ ಆಗುವವರೆಗೆ" ಅಂತ ಬರೆದೆ. ನಮ್ಮದು ಕೆಂಪು ನೆಲವಾದ್ದರಿಂದ ಬೇಗ ಸಿಕ್ಕಿತು. ಎರೆ ಭೂಮಿಯವರು ಇದನ್ನು ಇನ್ನೂ ಒಡೆಯಬೇಕು. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರುಕು ಬಿಡ್ತದೆ, ಮನೆಯನ್ನೂ ಎತ್ತಿ ಇಳಿಸ್ತದೆ. ಅಲ್ಲಿ ಪಾಯದ ಬಗೆಯೇ ಬೇರೆ ಆಗಬಹುದು, ಅದನ್ನು ಇಂಜಿನಿಯರ್ ಕೇಳಿಯೇ ಬರೆಯಬೇಕು.

2.3 ತಳಕ್ಕೆ ಬೆಡ್ ಕಾಂಕ್ರೀಟು. 2.4 ಕಲ್ಲು ಕಟ್ಟಡ. ಈ ನಾಲ್ಕನೇ ಸಾಲಿನ ಪಕ್ಕ "ಬಚ್ಚಲು ಮತ್ತು ಪಾಯಿಖಾನೆ ಪೈಪಿಗೆ ತೂತು ಬಿಟ್ಟಿರಬೇಕು" ಅಂತ ಸೇರಿಸಿದೆ. ಪೈಪಿನ ಕೆಲಸ 6ನೇ ಹಿಸ್ಸೆ, ಆದರೆ ತೂತು ಪಾಯದ ಹಿಸ್ಸೆ. ಇದನ್ನು ಬಿಟ್ಟವರು ಆಮೇಲೆ ಸೈಜುಗಲ್ಲು ಒಡೆಸ್ತಾರೆ. ಒಡೆದ ಕಡೆ ಪಾಯ ಸಡಿಲ.

2.5 ಪಾಯದ ಮೇಲೆ ಸುತ್ತ ಕಂಬಿ ಹಾಕಿದ ಕಾಂಕ್ರೀಟ್ ಪಟ್ಟಿ, ಮೇಸ್ತ್ರಿಗಳು ಪ್ಲಿಂತ್ ಬೆಲ್ಟ್ ಅನ್ನೋದು. 2.6 ಒಳಗೆ ಮಣ್ಣು ತುಂಬಿ ದಿಮ್ಮಿಸುವುದು. ಹೆಚ್ಚಿನವರ ಲೆಕ್ಕದಲ್ಲಿ ಇಲ್ಲದೇ ಇರೋದು ಈ ಆರನೆಯದು. ಪಾಯ ಮೇಲೆದ್ದರೆ ಮುಗೀತು ಅಂತ ಗೋಡೆ ಶುರು ಮಾಡ್ತಾರೆ. ತೋಡಿದ ಮಣ್ಣನ್ನು ಒಳಕ್ಕೆ ಎಳೆದು ಬಿಡ್ತಾರೆ, ಸಾಲದ್ದಕ್ಕೆ ಟ್ರಾಕ್ಟರಿನಲ್ಲಿ ತಂದು ಒಂದೇ ಸಲ ಸುರೀತಾರೆ. ಅದು ಹಾಗಲ್ಲ. ಅರ್ಧ ಅಡಿ ಅರ್ಧ ಅಡಿ ತುಂಬಿ, ನೀರು ಹಾಕಿ, ದಿಮ್ಮಸಿನಲ್ಲಿ ಬಡೀಬೇಕು. ಬಡಿಯದ ಮಣ್ಣು ಒಂದೆರಡು ಮಳೆಗಾಲದಲ್ಲಿ ಕೂತುಕೊಳ್ತದೆ, ಮೇಲಿನ ನೆಲ ಪೊಳ್ಳಾಗ್ತದೆ. ಹೊಸ ಮನೆಯ ನೆಲಕ್ಕೆ ಕೋಲಿನಿಂದ ತಟ್ಟಿದಾಗ ಟೊಳ್ಳು ಶಬ್ದ ಬಂದರೆ ಕಾರಣ ಬಹಳ ಸಲ ಇದೇ. ಮುಗಿದದ್ದಕ್ಕೆ ಗುರುತು ಏನು ಅಂದರೆ, ಗಡಾರಿ ತಗೊಂಡು ಕುಟ್ಟಿದರೆ ಸಲೀಸಾಗಿ ಒಳಗೆ ಇಳೀಬಾರದು.

ಮೋಲ್ಡಿನ ಏಳು ಸಾಲು

4.1 ಸೆಂಟ್ರಿಂಗ್. 4.2 ಕಂಬಿ ಕಟ್ಟುವುದು. 4.3 ಕರೆಂಟ್ ಪೈಪು, ಫ್ಯಾನಿನ ಬಾಕ್ಸು, ನೀರು ಹೋಗುವ ಪೈಪು ಕೂರಿಸುವುದು. 4.4 ಕಾಂಕ್ರೀಟು ಹಾಕುವುದು. 4.5 ನೀರು ನಿಲ್ಲಿಸುವುದು. 4.6 ಸೆಂಟ್ರಿಂಗ್ ಬಿಚ್ಚುವುದು. 4.7 ಪ್ಯಾರಪೆಟ್ ಮತ್ತು ಮೇಲಿನ ಇಳಿಜಾರು ಗಾರೆ.

ಕಂಬಿ ಕಟ್ಟಿ ಮುಗಿಯಿತು ಅಂತ ಯಾವಾಗ ಹೇಳೋದು? ತಂತಿ ಬಿಗಿದದ್ದು ಸಾಲದು. ಕಂಬಿ ಕೆಳಗೆ ಮುಕ್ಕಾಲು ಇಂಚಿನ ಸಿಮೆಂಟ್ ಬಿಲ್ಲೆ ಕೊಟ್ಟು ತಗಡಿನಿಂದ ಎತ್ತಿರಬೇಕು. ಬಿಲ್ಲೆ ಇಲ್ಲದೆ ಕಂಬಿ ತಗಡಿಗೆ ಅಂಟಿ ಕೂತರೆ ಅದರ ಅಡಿಗೆ ಕಾಂಕ್ರೀಟು ಹೋಗೋದಿಲ್ಲ, ಸೆಂಟ್ರಿಂಗ್ ಬಿಚ್ಚಿದಾಗ ಕಂಬಿಯ ಗೆರೆ ಕೆಳಗೆ ಕಾಣ್ತದೆ. ಹತ್ತು ಹದಿನೈದು ವರ್ಷಕ್ಕೆ ಅದು ತುಕ್ಕು ಹಿಡಿದು ಚಕ್ಕೆ ಉದುರಿಸ್ತದೆ. ಹಾಗಾಗಿ 4.2ರ ಎದುರು "ಬಿಲ್ಲೆ ಇಟ್ಟು, ಇಂಜಿನಿಯರ್ ನೋಡಿದ ಮೇಲೆ" ಅಂತ ಬರೆದಿತ್ತು. ನೋಡುವ ಮುಂಚೆ ಕಾಂಕ್ರೀಟಿಗೆ ದಿನ ಗೊತ್ತು ಮಾಡಕೂಡದು.

4.3 ಕರೆಂಟಿನವನ ಕೆಲಸವೇ, ಆದರೂ ಮೋಲ್ಡಿನ ಹಿಸ್ಸೆಯಲ್ಲಿ ಇದೆ. ಅವನು ಬರದೆ ಕಾಂಕ್ರೀಟು ಹಾಕಿದರೆ ಫ್ಯಾನಿಗೆ ಕೊಂಡಿ ಎಲ್ಲಿಂದ ಬರಬೇಕು? ವೈರಿಂಗ್ ಅಂತ ಒಟ್ಟಿಗೆ ಒಂದೇ ಸಾಲು ಬರೆದಿದ್ದರೆ, ವೈರಿಂಗ್ ಕೊನೆಗೆ ತಾನೇ ಅಂತ ಅವನನ್ನು ಕರೆಯುವುದು ಮೋಲ್ಡು ಆದ ಮೇಲೆ.

4.4 ಒಂದನ್ನು ಮಾತ್ರ ಮತ್ತೆ ಐದು ಒಡೆದೆ. ಒಂದೇ ದಿನದ ಕೆಲಸ, ಮೂರು ಪ್ರಶ್ನೆಗೂ ಹೌದು ಅಂತ ಉತ್ತರ ಬರ್ತದೆ, ಆದರೂ ಒಡೆದೆ. ಕಾಂಕ್ರೀಟು ಶುರು ಮಾಡಿದರೆ ನಡುವೆ ನಿಲ್ಲಿಸೋ ಹಾಗಿಲ್ಲ. ನಿಂತು ಒಣಗಿದ ಅಂಚಿಗೆ ಆಮೇಲೆ ಹಾಕಿದ್ದು ಸರಿಯಾಗಿ ಕೂಡೋದಿಲ್ಲ, ಮಳೆ ನೀರು ಅಲ್ಲಿಂದಲೇ ಇಳಿಯೋದು. ಅಂದ ಮೇಲೆ ಬೆಳಿಗ್ಗೆ ಏಳಕ್ಕೆ ಎಲ್ಲವೂ ಸ್ಥಳದಲ್ಲಿ ಇರಬೇಕು. 600 ಚದರಡಿಗೆ 5 ಇಂಚು ದಪ್ಪ ಅಂದರೆ 250 ಘನ ಅಡಿ. ಒಂದು ಸಿಮೆಂಟಿಗೆ ಒಂದೂವರೆ ಮರಳು, ಮೂರು ಜಲ್ಲಿ ಲೆಕ್ಕಕ್ಕೆ 57 ಮೂಟೆ ಸಿಮೆಂಟು ಬೇಕು. 60 ಇಳಿಸಿದ್ದೆವು. ಎಂ-ಸ್ಯಾಂಡ್ 105 ಘನ ಅಡಿ, ಜಲ್ಲಿ 210. ಇದರ ಜೊತೆ ಮಿಕ್ಸರು, ವೈಬ್ರೇಟರು ಒಂದು ಸಾಲು, ಆಳು ಒಂದು ಸಾಲು, ನೀರು ಒಂದು ಸಾಲು. ವೈಬ್ರೇಟರಿಗೆ ಪೆಟ್ರೋಲು ಮುಗಿದು ಒಂದು ಗಂಟೆ ಕೆಲಸ ನಿಂತ ಕಥೆ ಪಕ್ಕದ ಊರಲ್ಲೇ ಆಗಿದೆ, ಅದಕ್ಕೇ ಇಷ್ಟು ಹೇಳಿದೆ.

ನೀರಿನ ವಿಷಯ ನಮ್ಮಂಥ ಮಳೆಯಾಶ್ರಿತ ಊರಿನವರಿಗೆ ಬೇರೆಯೇ ಲೆಕ್ಕ. ಮಾರನೇ ದಿನ ಮೋಲ್ಡಿನ ಮೇಲೆ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸ್ತಾರೆ. 600 ಚದರಡಿಗೆ ಎರಡು ಇಂಚು ನಿಂತರೆ 100 ಘನ ಅಡಿ, ಅಂದ್ರೆ 2,800 ಲೀಟರ್ ಮೇಲೆ. ಅದು ಒಂದು ಸಲ ತುಂಬೋಕೆ ಮಾತ್ರ. ಫೆಬ್ರವರಿ ಕೊನೆಯ ಬಿಸಿಲಿಗೆ ಆರಿದಷ್ಟನ್ನು ದಿನಾ ತುಂಬ್ತಾ ಇರಬೇಕು. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಬೂದಿ ಬೆರೆಸಿದ ಪಿಪಿಸಿ ಸಿಮೆಂಟು. ಅದು ನಿಧಾನವಾಗಿ ಗಟ್ಟಿಯಾಗುವುದರಿಂದ ಏಳು ದಿನ ಸಾಲದು, 14 ದಿನ ನೀರು ನಿಲ್ಲಬೇಕು. ಮೇಸ್ತ್ರಿ ಹೇಳುವ ಅಂದಾಜಿನಲ್ಲಿ ನೀರು ಇರೋದೇ ಇಲ್ಲ. "ನೀರು ನಿಮ್ಮದು ಯಜಮಾನ್ರೇ" ಅಂತ ಒಂದು ಮಾತಿನಲ್ಲಿ ಮುಗಿಸ್ತಾನೆ. ಬೋರ್‌ವೆಲ್ ಇದ್ದವರಿಗೆ ಸರಿ. ಇಲ್ಲದವರಿಗೆ ಟ್ಯಾಂಕರ್ ದುಡ್ಡು, ಅದನ್ನು ಹೊಯ್ಯುವ ಆಳಿನ ದುಡ್ಡು. ಇದನ್ನು 4.5 ಅಂತ ಬರೆದು, ಹೊಣೆ ಅನ್ನುವ ಕಡೆ ನನ್ನ ಹೆಂಡತಿ ಹೆಸರು ಹಾಕಿದೆವು. ನೋಡಿ ನೋಡಿ ಹೊಯ್ಯುವವಳು ಅವಳೇ. ಅವಳು ಕೂಲಿ ಕೇಳಿದಳು, ಅದೂ ನ್ಯಾಯವೇ.

ಸೆಂಟ್ರಿಂಗ್ ಬಿಚ್ಚುವುದಕ್ಕೂ ಬೇರೆ ಸಾಲು ಯಾಕೆ ಅಂದರೆ, ತಗಡು ಬಾಡಿಗೆಗೆ ತಂದಿರುತ್ತಾರೆ. ಬೇಗ ಬಿಚ್ಚಿ ಇನ್ನೊಂದು ಮನೆಗೆ ಒಯ್ಯುವ ಅವಸರ ಅವರಿಗೆ. ಗೋಡೆಯಿಂದ ಗೋಡೆಗೆ 15 ಅಡಿ ಒಳಗಿದ್ದರೆ ಮಾಮೂಲಿ ಸಿಮೆಂಟಿಗೆ ಏಳು ದಿನ ಅಂತ ನಿಯಮ ಇದೆ. ನಮ್ಮದು 10 ಅಡಿ ಒಳಗೇ, ಆದರೆ ಸಿಮೆಂಟು ಪಿಪಿಸಿ. 14 ದಿನ ಅಂತ ಬರೆದು ದರ ಮಾತಾಡುವಾಗಲೇ ಬಾಡಿಗೆ ಸೇರಿಸಿಕೊಟ್ಟೆ.

ದುಡ್ಡಿನ ಹಿಸ್ಸೆ

ಈಗ ಮೊದಲು ಹೇಳಿದ 1,80,000ಕ್ಕೆ ಬರೋಣ. ನಮ್ಮ ಕೂಲಿ ಗುತ್ತಿಗೆಯೂ ಅಷ್ಟೇ ಆಗಿತ್ತು. ಅದನ್ನು ಮೇಸ್ತ್ರಿ ಜೊತೆ ಕೂತು ಹಂಚಿದೆವು. ಪಾಯ 30,000. ಗೋಡೆ 35,000, ಇದರಲ್ಲಿ ಲಿಂಟಲ್ ಮತ್ತು ಸಜ್ಜದವರೆಗೆ 22,000. ಮೋಲ್ಡು 45,000. ಪ್ಯಾರಪೆಟ್, ಮೆಟ್ಟಿಲು, ಇಳಿಜಾರು ಗಾರೆ 10,000. ಒಳಗೆ ಹೊರಗೆ ಪ್ಲಾಸ್ಟರಿಂಗ್ 40,000. ನೆಲ 20,000. ಕೂಡಿದರೆ 1,80,000. ಕರೆಂಟು, ಬಡಗಿ, ಪೈಪು, ಬಣ್ಣ ಬೇರೆ ಬೇರೆ ಗುತ್ತಿಗೆ, ಅವು ಇದರಲ್ಲಿಲ್ಲ.

ಈ ಚೀಟಿ ಹಿಡಿದು ನೋಡಿದರೆ ಲಿಂಟಲ್ ಮುಗಿದ ದಿನ ಮೇಸ್ತ್ರಿಗೆ ಸಲ್ಲುವುದು 52,000. ನಮ್ಮೂರಿನವರು ಕೊಟ್ಟದ್ದು 1,30,000. ಮೇಸ್ತ್ರಿ ಮೋಸಗಾರ ಅಂತ ಊರೆಲ್ಲ ಅಂದರು. ಇರಬಹುದು. ಆದರೆ ಗೋಡೆ ಎದ್ದಾಗ ಮನೆ ಅರ್ಧಕ್ಕಿಂತ ಹೆಚ್ಚು ಆದ ಹಾಗೆ ಕಾಣೋದು ನಿಜ, ಕಣ್ಣಿನ ಲೆಕ್ಕಕ್ಕೂ ಕೆಲಸದ ಲೆಕ್ಕಕ್ಕೂ ಅಷ್ಟು ದೂರ. ಮೋಲ್ಡು ಆದ ಮೇಲೂ ಕೂಲಿಯಲ್ಲೇ 70,000 ಉಳಿದಿರ್ತದೆ. ಆಮೇಲೆ ಬಾಗಿಲು, ವೈರಿಂಗ್, ಪೈಪು, ಬಣ್ಣ ಬೇರೆ. ಮೋಲ್ಡು ಆಯ್ತು ಇನ್ನೇನು ಗೃಹಪ್ರವೇಶಕ್ಕೆ ದಿನ ನೋಡೋಣ ಅಂತ ಹೊರಟವರು ಸಾಲ ಮಾಡುವುದು ಇಲ್ಲೇ.

ನಮ್ಮ ಮೇಸ್ತ್ರಿ ಮೊದಲಿಗೆ ಒಪ್ಪಲಿಲ್ಲ. "ನಂಬಿಕೆ ಇಲ್ವಾ ಯಜಮಾನ್ರೇ?" ಅಂದ. "ನಂಬಿಕೆ ಇದ್ದದ್ದಕ್ಕೇ ನಿನ್ನ ಕರೆದದ್ದು ಮೇಸ್ತ್ರಿ. ಸಾಲು ಮುಗಿದ ಸಂಜೆಯೇ ದುಡ್ಡು ಎಣಿಸ್ತೀನಿ, ಶನಿವಾರ ಕಾಯಿಸಲ್ಲ" ಅಂದೆ. ಆಳುಗಳಿಗೆ ಬಟವಾಡೆ ಮಾಡೋಕೆ ಅವನಿಗೂ ಅದು ಅನುಕೂಲ. ಆರಂಭಕ್ಕೆ 10,000 ಮುಂಗಡ ಕೊಟ್ಟು, ಅದನ್ನು ಕೊನೆಯ ನೆಲದ ಸಾಲಿನಲ್ಲಿ ಮುರಿದುಕೊಂಡೆ. ಒಂದು ಸಾಲು ಅರ್ಧ ಆದರೆ ಅರ್ಧ ದುಡ್ಡು ಅನ್ನೋ ಮಾತು ಇಟ್ಟುಕೊಳ್ಳಲಿಲ್ಲ. ಮುಗಿದರೆ ಪೂರಾ, ಇಲ್ಲದಿದ್ದರೆ ಸೊನ್ನೆ. ಸಾಲುಗಳು ಚಿಕ್ಕದಿದ್ದದ್ದರಿಂದ ಅವನಿಗೂ ಹೊರೆ ಆಗಲಿಲ್ಲ. ಪಟ್ಟಿ ಇನ್ನೂ ದಪ್ಪ ದಪ್ಪ ಇದ್ದಿದ್ದರೆ ಈ ಮಾತು ನಡೀತಿರಲಿಲ್ಲ, ಯಾವ ಮೇಸ್ತ್ರಿಯೂ 45,000ದ ಕೆಲಸವನ್ನು ಕೈಯಿಂದ ನಡೆಸಲಾರ. ಮೋಲ್ಡಿನಲ್ಲೂ ಸೆಂಟ್ರಿಂಗಿಗೆ ಇಷ್ಟು, ಕಂಬಿಗೆ ಇಷ್ಟು ಅಂತ ಬಿಡಿಸಿಯೇ ಇತ್ತು.

ಪಟ್ಟಿ ಹೇಳದ್ದು

ಈ ಪಟ್ಟಿ ಏನೇನು ಕೆಲಸ ಇದೆ ಅಂತ ಹೇಳ್ತದೆ, ಯಾವುದು ಮೊದಲು ಅಂತ ಹೇಳೋದಿಲ್ಲ. ಬಾಗಿಲು 5ನೇ ಹಿಸ್ಸೆ ಅಂತ ಗೋಡೆ, ಮೋಲ್ಡು ಆದ ಮೇಲೆ ಬಡಗಿಯನ್ನು ಕರೆದರೆ ಆಗೋದಿಲ್ಲ. ವಾಸಕಾಲು ನಿಲ್ಲಿಸಿ ಪೂಜೆ ಮಾಡಿದ ಮೇಲೆ ತಾನೇ ಗೋಡೆ ಏಳೋದು. ಅದಕ್ಕೆ 5ನೇ ಹಿಸ್ಸೆಯನ್ನು ವಾಸಕಾಲು ಮತ್ತು ಕಿಟಕಿ ಚೌಕಟ್ಟು, ಬಾಗಿಲಿನ ಹಲಗೆ, ಚಿಲಕ ಕೊಂಡಿ ಅಂತ ಮೂರು ಮಾಡಿದ್ದು. ಮೊದಲನೆಯದು ಪಾಯದ ಬೆನ್ನಿಗೆ, ಉಳಿದೆರಡು ಪ್ಲಾಸ್ಟರಿಂಗ್ ಆದ ಮೇಲೆ. ಪಾಯಿಖಾನೆ ಗುಂಡಿಯನ್ನು ಯಾವಾಗ ಬೇಕಾದರೂ ತೋಡಬಹುದು, ನಾವು ಆಳು ಸುಮ್ಮನೆ ಕೂತ ದಿನಗಳಲ್ಲಿ ತೋಡಿಸಿದೆವು. ಅನುಕ್ರಮವನ್ನು ಇನ್ನೊಂದು ಹಾಳೆಯಲ್ಲಿ, ಇದೇ ನಂಬರುಗಳನ್ನು ಮುಂದೆ ಹಿಂದೆ ಜೋಡಿಸಿ ಬರೆದುಕೊಳ್ಳಬೇಕು. ಎರಡನ್ನೂ ಒಂದೇ ಹಾಳೆಯಲ್ಲಿ ಬೆರೆಸಿದರೆ ಎರಡೂ ಕೆಡ್ತವೆ.

ಖರಾಬಿನಲ್ಲಿ ಮೂರು ಸಾಲು: ಸಿಮೆಂಟ್ ಇಡುವ ಶೆಡ್ಡು, ಗೋಡೆ ಮತ್ತು ಪ್ಲಾಸ್ಟರಿಂಗಿಗೆ ದಿನಾ ನೀರು ಹೊಡೆಯುವುದು, ಕೊನೆಗೆ ಕಲ್ಲು ಮಣ್ಣು ಕಸ ಸಾಗಿಸುವುದು. ತಾತ್ಕಾಲಿಕ ಕರೆಂಟು, ನಕ್ಷೆ, ಪಂಚಾಯಿತಿ ಪರವಾನಗಿ 1ನೇ ಹಿಸ್ಸೆಯಲ್ಲೇ ಹೋಯಿತು.

ನಡುವೆ ಹೊಸ ಕೆಲಸ ಬರೋದು ಸಹಜ. ನಮ್ಮಲ್ಲಿ ಮೋಲ್ಡಿಗೆ ಮುಂಚೆ ಮಗ "ಮೇಲೆ ಹತ್ತೋಕೆ ಹೊರಗಿನಿಂದ ಮೆಟ್ಟಿಲು ಬೇಕು, ಹುಣಸೆಹಣ್ಣು ಒಣಗಿಸಬಹುದು" ಅಂದ. ಗುತ್ತಿಗೆಯಲ್ಲಿ ಇದ್ದದ್ದು ಬಾಗಿಲ ಮುಂದಿನ ಮೂರು ಮೆಟ್ಟಿಲು ಮಾತ್ರ. ಹೊಸದನ್ನು ಪ್ಯಾರಪೆಟ್ ಸಾಲಿನೊಳಗೆ ತುರುಕದೆ 4.8 ಅಂತ ಹೊಸ ನಂಬರು ಕೊಟ್ಟು, ಮೆಟ್ಟಿಲಿನ ಕಂಬಿ ಮೋಲ್ಡಿನ ಕಂಬಿಗೆ ಕಟ್ಟಿರಬೇಕು ಅಂತ ಪಕ್ಕದಲ್ಲಿ ಬರೆದು, ಕೂಲಿ 12,000 ಅಂತ ಮಾತಾಡಿ ಮೇಸ್ತ್ರಿ ಕೈಲಿ ರುಜು ಹಾಕಿಸಿದ ಮೇಲೆ ಕೆಲಸ ಶುರು ಮಾಡಿಸಿದೆ. ಒಟ್ಟು ಗುತ್ತಿಗೆ 1,92,000 ಆಯಿತು, ಸಾಲು 41.